ಮೊದಲ ಪದ್ಯದಲ್ಲಿ ದೇವರೋ, ದೊರೆಯೋ?

ಹಳೆಯ ಕಾವ್ಯವೊಂದನ್ನು ಕೈಗೆತ್ತಿಕೊಂಡಾಗ ಹೆಚ್ಚಿನವರು ಪೀಠಿಕೆಯ ಪದ್ಯಗಳನ್ನು ದಾಟಿ ನೇರವಾಗಿ ಕಥೆಗೆ ಹೋಗುತ್ತಾರೆ. ಗಣಪತಿಗೊಂದು, ಸರಸ್ವತಿಗೊಂದು, ಗುರುವಿಗೊಂದು, ಆಶ್ರಯ ಕೊಟ್ಟ ರಾಜನಿಗೆ ಹತ್ತಾರು. ಇವೆಲ್ಲ ಸಂಪ್ರದಾಯಕ್ಕೆ ಬರೆದವು, ಕಥೆಗೆ ಬೇಕಾದುದೇನೂ ಅಲ್ಲಿಲ್ಲ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಪಠ್ಯಪುಸ್ತಕಗಳು ಕಾವ್ಯದ ನಡುವಿನಿಂದ ಒಂದು ಪ್ರಸಂಗವನ್ನು ಕತ್ತರಿಸಿ ಕೊಡುವುದರಿಂದ ಈ ಭಾವನೆ ಇನ್ನಷ್ಟು ಗಟ್ಟಿಯಾಗಿದೆ. ಆದರೆ ಕವಿ ತನ್ನ ಕಾವ್ಯದಲ್ಲಿ ಯಾರನ್ನು ನಾಯಕನನ್ನಾಗಿ ಮಾಡುತ್ತಾನೆ, ಯಾರ ಅನ್ನ ಉಂಡು ಬರೆಯುತ್ತಿದ್ದಾನೆ, ಯಾವ ಮತದವನು, ಹಿಂದಿನವರಲ್ಲಿ ಯಾರನ್ನು ತನ್ನ ಹಿರಿಯರೆಂದು ಒಪ್ಪಿಕೊಳ್ಳುತ್ತಾನೆ ಎಂಬುದನ್ನೆಲ್ಲ ಅವನು ಬಾಯಿಬಿಟ್ಟು ಹೇಳುವುದು ಆ ಪದ್ಯಗಳಲ್ಲೇ. ಪಂಪನ ವಿಕ್ರಮಾರ್ಜುನ ವಿಜಯದಷ್ಟು ಸ್ಪಷ್ಟವಾಗಿ ಇದನ್ನು ತೋರಿಸುವ ಕೃತಿ ಕನ್ನಡದಲ್ಲಿ ಮತ್ತೊಂದಿಲ್ಲ ಎಂದು ನನ್ನ ಎಣಿಕೆ.

ಕಾವ್ಯವನ್ನು ಹೇಗೆ ತೊಡಗಬೇಕೆಂಬುದಕ್ಕೆ ಲಾಕ್ಷಣಿಕ ದಂಡಿ ತನ್ನ ಕಾವ್ಯಾದರ್ಶದಲ್ಲಿ ಮೂರು ದಾರಿ ಹೇಳಿದ್ದಾನೆ: ಓದುಗರಿಗೆ ಒಳಿತನ್ನು ಹಾರೈಸುವುದು, ಇಷ್ಟದೈವಕ್ಕೆ ನಮಿಸುವುದು, ಇಲ್ಲವೇ ನೇರವಾಗಿ ಕಥಾವಸ್ತುವನ್ನು ಸೂಚಿಸುವುದು. ಕಾಳಿದಾಸನ ರಘುವಂಶ ಪಾರ್ವತೀ ಪರಮೇಶ್ವರರಿಗೆ ನಮಿಸಿ ತೊಡಗುತ್ತದೆ. ಅವನದೇ ಕುಮಾರಸಂಭವದಲ್ಲಿ ನಮಸ್ಕಾರವೂ ಇಲ್ಲ, ಹಾರೈಕೆಯೂ ಇಲ್ಲ. ಉತ್ತರ ದಿಕ್ಕಿನಲ್ಲಿ ಹಿಮಾಲಯವಿದೆ ಎಂಬ ಮಾತಿನಿಂದಲೇ ಕಾವ್ಯ ಶುರು. ಹುಟ್ಟಲಿರುವ ಪಾರ್ವತಿಗೆ ಆ ಪರ್ವತವೇ ತಂದೆಯಾದ್ದರಿಂದ ಅದು ವಸ್ತುಸೂಚನೆ. ಒಬ್ಬನೇ ಕವಿ ಎರಡು ಕಾವ್ಯಗಳಿಗೆ ಎರಡು ಬಗೆಯ ಬಾಗಿಲು ಇಟ್ಟಿದ್ದಾನೆಂದರೆ, ಆರಂಭವೆಂಬುದು ಕಣ್ಣುಮುಚ್ಚಿ ಪಾಲಿಸುವ ಕಟ್ಟಳೆಯಾಗಿರಲಿಲ್ಲ, ಕವಿ ಯೋಚಿಸಿ ಮಾಡಿಕೊಂಡ ಆಯ್ಕೆಯಾಗಿತ್ತು.

ಪಂಪ ಹಾರೈಕೆಯ ದಾರಿ ಹಿಡಿದ. ಆದರೆ ಹಾರೈಸುವವನು ಯಾರೆಂಬಲ್ಲಿ ಅವನದೊಂದು ದಿಟ್ಟತನವಿದೆ. ಕ್ರಿ.ಶ. 941ರ ಸುಮಾರಿನಲ್ಲಿ ಪೂರ್ಣಗೊಂಡ ಈ ಮಹಾಕಾವ್ಯದ ಮೊದಲ ಪದ್ಯ ಉತ್ಪಲಮಾಲೆಯಲ್ಲಿದೆ. ಅದರ ಮೊದಲ ಅಕ್ಷರ, ಮಂಗಳಕರವೆಂದು ಎಲ್ಲ ಕವಿಗಳೂ ಬಯಸುವ ಶ್ರೀಕಾರ. ಪದ್ಯ ಓದುತ್ತ ಹೋದರೆ ಇದು ನಾರಾಯಣನ ಸ್ತುತಿ ಎನಿಸುತ್ತದೆ: ಲಕ್ಷ್ಮಿಯನ್ನು ಕಡಲಲ್ಲಿ ಪಡೆದವನು, ಭೂಮಿಯನ್ನು ತನ್ನದಾಗಿಸಿಕೊಂಡವನು. ಆದರೆ ಒಂದೊಂದು ಮಾತಿನಲ್ಲೂ ಸಣ್ಣದೊಂದು ತಿರುವಿದೆ. ಇವನು ಲಕ್ಷ್ಮಿಯನ್ನು ಪಡೆದದ್ದು ಹಾಲುಗಡಲಲ್ಲಿ ಅಲ್ಲ, ಶತ್ರುಸೈನ್ಯವೆಂಬ ಕಡಲಲ್ಲಿ. ಭೂಮಿಯನ್ನು ಪಡೆದದ್ದು ವಾಮನನ ಹಾಗೆ ಬೇಡಿ ಅಲ್ಲ, ಎದುರಾದ ರಾಜರನ್ನು ಒತ್ತರಿಸಿ. ಹೀಗೆ ಉದಾತ್ತ ನಾರಾಯಣನೆನಿಸಿಕೊಂಡ ಅರಿಕೇಸರಿ ನಮಗೆ ಕೋಟಿ ಸುಖವನ್ನು ಕೊಡಲಿ ಎಂದು ಪದ್ಯ ಮುಗಿಯುತ್ತದೆ.

ಅರಿಕೇಸರಿ ದೇವರಲ್ಲ, ಇಂದಿನ ತೆಲಂಗಾಣದಲ್ಲಿರುವ ವೇಮುಲವಾಡವನ್ನು ಆಳುತ್ತಿದ್ದ ಚಾಲುಕ್ಯ ಮನೆತನದ ದೊರೆ, ಪಂಪನ ಆಶ್ರಯದಾತ. ದೇವರು ರಾಜನನ್ನು ಕಾಪಾಡಲಿ ಎಂದು ಕವಿಗಳು ಬರೆಯುವುದು ವಾಡಿಕೆ. ಇಲ್ಲಿ ರಾಜನೇ ದೇವರ ಜಾಗದಲ್ಲಿ ಕೂತು ಓದುಗರಿಗೆ ವರ ಕೊಡುತ್ತಾನೆ. ಮುಂದಿನ ಪದ್ಯದಲ್ಲಿ ಅವನು ಉದಾರ ಮಹೇಶ್ವರ: ಅವನ ಕೋಪವೇ ಹಣೆಗಣ್ಣಿನ ಬೆಂಕಿ, ತೊಟ್ಟ ಒಡವೆಗಳೇ ಶಿವನ ಮೈಮೇಲಿನ ಹಾವುಗಳು. ಬಳಿಕ ಪ್ರಚಂಡ ಮಾರ್ತಾಂಡ, ಸಹಜ ಮನೋಜ. ವಿಷ್ಣು, ಶಿವ, ಸೂರ್ಯ, ಮನ್ಮಥ, ನಾಲ್ವರೂ ಒಬ್ಬ ಮನುಷ್ಯನಲ್ಲಿ ಬಂದು ಸೇರಿದರು. ಆಮೇಲೆ ಬರುವ ವಿನಾಯಕನ ಗಮನವೂ ದೊರೆಯ ಮೇಲೆಯೇ. ತನ್ನ ಮದಜಲ ದುಂಬಿಗಳಿಗೆ ಆಸರೆಯಾದಂತೆ ಈ ರಾಜನ ಕೊಡುಗೆ ನಂಟರಿಗೂ ನಂಬಿದವರಿಗೂ ಆಸರೆಯಾಗಿದೆ ಎಂದು ಮೆಚ್ಚಿ ಅವನು ಏಳಿಗೆಯನ್ನು ಹಾರೈಸುತ್ತಾನೆ. ವಿಘ್ನನಿವಾರಕನೂ ಆಸ್ಥಾನಕ್ಕೆ ಬಂದು ದೊರೆಯನ್ನು ಹೊಗಳಿದಂತಾಯಿತು.

ಇದನ್ನು ಬರಿಯ ಮುಖಸ್ತುತಿ ಎಂದು ತಳ್ಳಿಹಾಕುವುದು ಸುಲಭ. ಆದರೆ ಸ್ತುತಿಯ ಒಳಗೂ ಕವಿ ಅಳತೆ ತಪ್ಪುವುದಿಲ್ಲ. ಅರಿಕೇಸರಿಗೆ ಪಂಪ ಮತ್ತೆ ಮತ್ತೆ ಬಳಸುವ ಬಿರುದುಗಳಲ್ಲಿ ಒಂದು ಸಾಮಂತ ಚೂಡಾಮಣಿ. ವೇಮುಲವಾಡದವರು ರಾಷ್ಟ್ರಕೂಟರ ಅಧೀನದಲ್ಲಿದ್ದವರು, ಚಕ್ರವರ್ತಿಗಳಲ್ಲ. ನಾರಾಯಣನಿಗೆ ಹೋಲಿಸಲು ಹಿಂಜರಿಯದ ಕವಿ ಚಕ್ರವರ್ತಿ ಎಂಬ ಪಟ್ಟವನ್ನು ಮಾತ್ರ ಅಗ್ಗವಾಗಿ ಕೊಡುವುದಿಲ್ಲ. ಸಾಮಂತರ ತಲೆಯ ಮೇಲಿನ ರತ್ನ ಎಂದು ಅವನ ನಿಜವಾದ ಅಂತಸ್ತನ್ನು ಕಾಪಾಡಿಕೊಳ್ಳುತ್ತಾನೆ. ದೇವರಿಗೆ ಹೋಲಿಸಿದರೆ ರಾಜಕೀಯವಾಗಿ ಯಾರೂ ತಕರಾರು ಎತ್ತುವುದಿಲ್ಲ, ಮಳಖೇಡದ ಒಡೆಯನ ಬಿರುದನ್ನು ಕೊಟ್ಟರೆ ಎತ್ತಬಹುದು. ಯಾವ ಹೋಲಿಕೆಗೆ ಬೆಲೆ ತೆರಬೇಕಾಗಿಲ್ಲ, ಯಾವುದಕ್ಕೆ ತೆರಬೇಕಾಗುತ್ತದೆ ಎಂಬುದು ಆಸ್ಥಾನ ಕವಿಗೆ ಚೆನ್ನಾಗಿ ಗೊತ್ತಿತ್ತು.

ಇನ್ನೊಂದು ಮಾತು ಇದಕ್ಕಿಂತ ಮುಖ್ಯ. ಪಂಪ ಮಹಾಭಾರತವನ್ನು ಹೇಳಹೊರಟಿದ್ದಾನೆ. ಅದರಲ್ಲಿ ಅರ್ಜುನನನ್ನು ನಾಯಕನನ್ನಾಗಿ ಮಾಡಿ, ಆ ಅರ್ಜುನನೇ ಅರಿಕೇಸರಿ ಎಂದು ಬೆಸೆಯಲಿದ್ದಾನೆ. ಕಥೆಯ ಉದ್ದಕ್ಕೂ ಅರ್ಜುನನಿಗೆ ಅರಿಕೇಸರಿಯ ಹೆಸರು, ಬಿರುದುಗಳೇ ಸಲ್ಲುತ್ತವೆ. ಮೊದಲ ಪದ್ಯ ಈ ಬೆಸುಗೆಯ ತಾಲೀಮು. ದೊರೆಯನ್ನು ವಿಷ್ಣುವಿನ ಜೊತೆ ಒಂದಾಗಿ ನೋಡಲು ಒಪ್ಪಿದ ಓದುಗ, ಮುಂದೆ ಅವನನ್ನು ಅರ್ಜುನನ ಜೊತೆ ಒಂದಾಗಿ ನೋಡಲು ಸಿದ್ಧನಾಗಿರುತ್ತಾನೆ. ಪೀಠಿಕೆ ಬಿಟ್ಟು ಕಥೆಗೆ ಹೋದವನು ದ್ರೌಪದಿ ಅರ್ಜುನನೊಬ್ಬನನ್ನೇ ಮದುವೆಯಾದಾಗ ಬೆರಗಾಗುತ್ತಾನೆ. ಯುದ್ಧ ಮುಗಿದು ಧರ್ಮರಾಯನ ಬದಲು ಅರ್ಜುನನಿಗೆ ಪಟ್ಟವಾದಾಗ, ಸುಭದ್ರೆ ಪಟ್ಟದ ರಾಣಿಯಾದಾಗ ಕವಿ ವ್ಯಾಸನನ್ನು ಮರೆತನೇ ಎಂದುಕೊಳ್ಳುತ್ತಾನೆ. ಮೊದಲ ನಾಲ್ಕು ಪದ್ಯಗಳನ್ನು ಓದಿದವನಿಗೆ ಇದರಲ್ಲಿ ಅಚ್ಚರಿಯಿಲ್ಲ. ಬದುಕಿರುವ ದೊರೆಯ ಹೆಂಡತಿಯನ್ನು ಐವರ ಹೆಂಡತಿ ಎನ್ನಲಾಗದು. ಅವನನ್ನು ಅಣ್ಣನ ಸಿಂಹಾಸನದ ಕೆಳಗೆ ನಿಲ್ಲಿಸಿ ಕಥೆ ಮುಗಿಸಲೂ ಆಗದು.

ಈ ಬದಲಾವಣೆಗೆ ಕಾವ್ಯ ಬೆಲೆಯನ್ನೂ ತೆತ್ತಿದೆ. ದ್ರೌಪದಿ ಅರ್ಜುನನೊಬ್ಬನ ಮಡದಿಯಾದ ಮೇಲೂ ಅವಳ ಮುಡಿಗಾಗಿ ಪ್ರತಿಜ್ಞೆ ಮಾಡುವವನು, ದುಶ್ಶಾಸನನ ರಕ್ತ ಹರಿಸುವವನು ಭೀಮನೇ. ಮೂಲದಲ್ಲಿ ಗಂಡನ ಸಿಟ್ಟಾಗಿದ್ದದ್ದು ಇಲ್ಲಿ ಮೈದುನ ಭಾವಂದಿರ ನಡುವಿನ ಯಾವ ಸಲಿಗೆಯ ಸಿಟ್ಟು ಎಂದು ಓದುಗ ಕೇಳಿಕೊಳ್ಳಬೇಕಾಗುತ್ತದೆ. ಹೋಲಿಕೆ ಎಲ್ಲಿ ಹೊಂದಿಕೊಂಡಿತು, ಎಲ್ಲಿ ಬಿಗಿಯಿತು ಎಂದು ಪತ್ತೆಮಾಡಲು ಪೀಠಿಕೆ ಕೈಯಲ್ಲಿರಬೇಕು.

ಪಂಪನಿಗೆ ತಾನು ಮಾಡುತ್ತಿರುವುದರ ಅರಿವಿತ್ತು. ಪೀಠಿಕೆಯಲ್ಲೇ ಅವನು ವ್ಯಾಸರನ್ನು ನೆನೆಯುತ್ತಾನೆ. ವ್ಯಾಸರ ಮಾತಿನ ಅಮೃತಸಾಗರದಲ್ಲಿ ಈಜಹೊರಟಿದ್ದೇನೆ, ಆದರೆ ನಾನೇ ಕವಿವ್ಯಾಸನೆಂಬ ಗರ್ವ ನನಗಿಲ್ಲ ಎಂಬುದು ಅವನ ಮಾತಿನ ತಾತ್ಪರ್ಯ. ಗುಣಾರ್ಣವನ, ಎಂದರೆ ಅರಿಕೇಸರಿಯ, ಗುಣಗಳು ಮನಸ್ಸನ್ನು ಸೆಳೆದದ್ದರಿಂದ ಈ ಕೆಲಸಕ್ಕೆ ತೊಡಗಿದೆನೆಂದೂ ಹೇಳುತ್ತಾನೆ. ಗುರುಸ್ತುತಿ ವಿನಯದ ಮಾತಷ್ಟೇ ಆಗಿದ್ದರೆ ಇಲ್ಲಿ ರಾಜನ ಹೆಸರು ಬರಬೇಕಾಗಿರಲಿಲ್ಲ. ಕಥೆಗೆ ಒಡೆಯರು ವ್ಯಾಸರು, ಅದನ್ನು ಹೀಗೆ ತಿರುಗಿಸಿ ಹೇಳಲು ಕಾರಣ ದೊರೆ ಎಂದು ಎರಡು ಋಣಗಳನ್ನೂ ಅವನು ಬೇರೆಬೇರೆಯಾಗಿ ಲೆಕ್ಕ ಕೊಟ್ಟಿದ್ದಾನೆ.

ಸ್ತುತಿ ಮುಗಿದ ಮೇಲೆ ದೊರೆಯ ವಂಶಾವಳಿ. ಓದುಗರಿಗೆ ಇದು ಇನ್ನೂ ಬೇಸರದ ಭಾಗ, ಚರಿತ್ರಕಾರರಿಗೆ ಕಣ್ಣರಳಿಸುವ ಭಾಗ. ಹೊಗಳಿಕೆಯೊಳಗಿನ ಯಾವ ಮಾತನ್ನು ನಂಬಬೇಕು, ಯಾವುದನ್ನು ಬದಿಗಿಡಬೇಕು ಎಂಬುದನ್ನು ಎರಡು ಪ್ರಸಂಗಗಳಲ್ಲಿ ನೋಡಬಹುದು.

ಮೊದಲನೆಯದು ವಂಶದ ಹಿರಿಯ ಯುದ್ಧಮಲ್ಲನದು. ಅವನು ಬೋದನದಲ್ಲಿ ಒಂದು ಕೊಳವನ್ನು ಎಣ್ಣೆಯಿಂದ ತುಂಬಿಸಿ, ದಿನವೂ ಐನೂರು ಆನೆಗಳನ್ನು ಅದರಲ್ಲಿ ಮೀಯಿಸುತ್ತಿದ್ದನಂತೆ. ಇದೇ ಮನೆತನದ ನಂತರದ ದೊರೆ ಮೂರನೆಯ ಅರಿಕೇಸರಿ 966ರಲ್ಲಿ ಹೊರಡಿಸಿದ ಪರಭಣಿ ತಾಮ್ರಪಟದಲ್ಲೂ ಈ ಎಣ್ಣೆಯ ಕೊಳದ ಮಾತಿದೆ. ಎರಡು ಕಡೆ ಸಿಕ್ಕಿತಲ್ಲ, ನಿಜವಿರಬೇಕು ಎನ್ನುವಂತಿಲ್ಲ. ಎರಡೂ ಒಂದೇ ಅರಮನೆಯಿಂದ ಬಂದ ಮಾತು. ಮನೆಯವರು ಪೀಳಿಗೆಯಿಂದ ಪೀಳಿಗೆಗೆ ಹೇಳಿಕೊಂಡು ಬಂದ ಹೆಮ್ಮೆಯ ಕಥೆ. ಅದರಿಂದ ಗೊತ್ತಾಗುವುದು ಇಷ್ಟು: ಈ ಮನೆತನ ತನ್ನ ಬೇರು ಬೋದನದಲ್ಲಿದೆ ಎಂದು ನಂಬಿತ್ತು, ಆನೆಗಳ ಪಡೆಯನ್ನು ತನ್ನ ಸಿರಿಯ ಗುರುತೆಂದು ತಿಳಿದಿತ್ತು.

ಎರಡನೆಯದು ಅರಿಕೇಸರಿಯ ತಂದೆ ನರಸಿಂಹನದು. ಅವನು ಘೂರ್ಜರ ರಾಜ ಮಹೀಪಾಲನನ್ನು ಸೋಲಿಸಿ ಓಡಿಸಿದ, ಗಂಗೆಯ ಸಂಗಮದಲ್ಲಿ ತನ್ನ ಕುದುರೆಗಳನ್ನು ಮೀಯಿಸಿದ, ಕಾಳಪ್ರಿಯದಲ್ಲಿ ತನ್ನ ವೀರದ ಗುರುತನ್ನು ನಿಲ್ಲಿಸಿದ ಎಂದು ಪಂಪ ವರ್ಣಿಸುತ್ತಾನೆ. ದಖ್ಖನಿನ ಒಬ್ಬ ಸಾಮಂತ ಗಂಗೆಯ ತನಕ ಹೋದನೆಂದರೆ ಕವಿಯ ಉತ್ಪ್ರೇಕ್ಷೆ ಎಂದೇ ಅನಿಸುತ್ತದೆ. ಆದರೆ ರಾಷ್ಟ್ರಕೂಟ ನಾಲ್ಕನೆಯ ಗೋವಿಂದನ 930ರ ಖಂಭಾತ್ ತಾಮ್ರಪಟ ಬೇರೆಯದೇ ಅರಮನೆಯ ದಾಖಲೆ. ಅದರಲ್ಲಿ ಮೂರನೆಯ ಇಂದ್ರನ ಆನೆಗಳು ಕಾಳಪ್ರಿಯ ದೇವಾಲಯದ ಅಂಗಳವನ್ನು ಕೊಂಬುಗಳಿಂದ ತಿವಿದವು, ಅವನ ಪಡೆ ಯಮುನೆಯನ್ನು ದಾಟಿ ಮಹೋದಯವನ್ನು, ಎಂದರೆ ಕನೌಜನ್ನು, ಹಾಳುಗೆಡವಿತು ಎಂಬ ವರ್ಣನೆಯಿದೆ. ಅದೇ ಕಾಳಪ್ರಿಯ, ಅದೇ ದಂಡಯಾತ್ರೆ. ನರಸಿಂಹ ತನ್ನ ಒಡೆಯ ಇಂದ್ರನ ಜೊತೆ ಉತ್ತರಕ್ಕೆ ಹೋಗಿದ್ದ ಎಂದು ವಿದ್ವಾಂಸರು ತೀರ್ಮಾನಿಸಿದ್ದು ಈ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು. ಕನೌಜಿನಲ್ಲಿ ಸೋತ ಪ್ರತೀಹಾರ ದೊರೆ ಮಹೀಪಾಲನೆಂದು ಹೆಸರು ಹಿಡಿದು ಹೇಳಲು ಆಧಾರವಾದದ್ದು ಕನ್ನಡ ಕಾವ್ಯದ ಪೀಠಿಕೆ.

ಹಾಗೆಂದು ಪಂಪ ಹೇಳಿದ್ದೆಲ್ಲ ನಿಜವೆಂದಲ್ಲ. ಪೀಠಿಕೆಯಲ್ಲಿ ಗೆಲುವು ಪೂರ್ತಿಯಾಗಿ ನರಸಿಂಹನದು. ಒಡೆಯ ಇಂದ್ರ ಅಲ್ಲಿ ಮರೆಗೆ ಸರಿದಿದ್ದಾನೆ. ಸ್ತುತಿ ಸುಳ್ಳು ಹೇಳುವುದಕ್ಕಿಂತ ಹೆಚ್ಚಾಗಿ ಪಾಲುದಾರರನ್ನು ಬಿಟ್ಟುಬಿಡುತ್ತದೆ ಎಂಬುದು ಇಂಥ ಪದ್ಯಗಳನ್ನು ಓದುವಾಗ ನೆನಪಿಡಬೇಕಾದ ಮಾತು.

ಈಗ ಪಂಪನ ಇನ್ನೊಂದು ಕೃತಿಯತ್ತ ಬರೋಣ. ಅವನು ಜೈನ, ಅವನ ತಂದೆ ಭೀಮಪಯ್ಯ ಬ್ರಾಹ್ಮಣ ಮನೆತನದಲ್ಲಿ ಹುಟ್ಟಿ ಜಿನಧರ್ಮವನ್ನು ಒಪ್ಪಿಕೊಂಡವನು. ಆದಿಪುರಾಣದಲ್ಲಿ ಪಂಪ ಮೊದಲ ತೀರ್ಥಂಕರನ ಕಥೆ ಹೇಳುತ್ತಾನೆ. ಅಲ್ಲಿನ ಪೀಠಿಕೆಯ ಗಾಳಿಯೇ ಬೇರೆ. ಜಿನೇಂದ್ರನ ವಾಣಿಯೇ ಸರಸ್ವತಿ, ಅದು ಬೇರೆಯಾಗಿ ಹೆಣ್ಣಿನ ರೂಪ ತಾಳಿ ನಿಂತದ್ದಲ್ಲ ಎಂದು ಅವನು ಖಂಡತುಂಡವಾಗಿ ಹೇಳುತ್ತಾನೆ. ಅರಿಕೇಸರಿಯನ್ನು ವಿಷ್ಣು, ಶಿವ, ಸೂರ್ಯ, ಮನ್ಮಥರೆಂದು ಹಾಡಿದ ಕವಿಯೂ ಇವನೇ. ಇಬ್ಬಂದಿತನವೆಂದು ತೋರಿದರೆ ಅವನೇ ಕೊಟ್ಟ ವಿವರಣೆಯನ್ನು ನೋಡಬೇಕು: ಒಂದು ಕೃತಿಯಲ್ಲಿ ಲೌಕಿಕವನ್ನು, ಇನ್ನೊಂದರಲ್ಲಿ ಜಿನಾಗಮವನ್ನು ಬೆಳಗುತ್ತೇನೆ ಎಂಬುದು ಅವನ ಘೋಷಣೆ. ವಿಕ್ರಮಾರ್ಜುನ ವಿಜಯದ ದೇವರುಗಳು ಅವನ ನಂಬಿಕೆಯ ದೇವರುಗಳಲ್ಲ, ಅವನು ಬರೆಯುತ್ತಿದ್ದ ಲೋಕದ ದೇವರುಗಳು. ಬಹುಶಃ ಅದರಿಂದಲೇ ಒಬ್ಬ ಮನುಷ್ಯನನ್ನು ಅವರ ಜಾಗದಲ್ಲಿ ಕೂರಿಸಲು ಅವನಿಗೆ ಅಷ್ಟು ಹಗುರವಾಯಿತು ಎಂದು ನಾನು ಊಹಿಸುತ್ತೇನೆ. ಜಿನನ ಜಾಗದಲ್ಲಿ ಅವನು ಯಾವ ದೊರೆಯನ್ನೂ ಕೂರಿಸಲಿಲ್ಲ.

ಜೈನ ಪುರಾಣಗಳ ಪೀಠಿಕೆಗಳಲ್ಲಿ ರಾಜನಿಗಿಂತ ಗುರುಗಳ ಸಾಲು ಉದ್ದ. ಸಮಂತಭದ್ರ, ಕವಿಪರಮೇಷ್ಠಿ, ಪೂಜ್ಯಪಾದ ಎಂಬ ಮೂರು ಹೆಸರುಗಳು ಕನ್ನಡ ಜೈನ ಕವಿಗಳಲ್ಲಿ ಮತ್ತೆ ಮತ್ತೆ ಜೊತೆಯಾಗಿ ಬರುತ್ತವೆ. ಈ ಸಾಲು ಕವಿ ಯಾವ ಪರಂಪರೆಯಲ್ಲಿ ನಿಂತು ಮಾತಾಡುತ್ತಿದ್ದಾನೆ ಎಂಬುದರ ವಿಳಾಸ. ಕೆಲವೊಮ್ಮೆ ಅದೇ ಉಳಿದ ಕೊನೆಯ ಕುರುಹು ಕೂಡ. ಕವಿಪರಮೇಷ್ಠಿಯ ಗ್ರಂಥ ಇಂದು ನಮಗೆ ಸಿಕ್ಕಿಲ್ಲ. ಅಂಥವನೊಬ್ಬನಿದ್ದ, ಪುರಾಣ ಬರೆದವರೆಲ್ಲ ಅವನನ್ನು ತಮ್ಮ ಮೂಲಪುರುಷನೆಂದು ಗೌರವಿಸುತ್ತಿದ್ದರು ಎಂದು ನಮಗೆ ತಿಳಿದದ್ದು ನಂತರದವರು ನೆನೆದದ್ದರಿಂದ.

ಪೀಠಿಕೆಗಳನ್ನು ಓದುವವರಿಗೆ ಒಂದು ಎಚ್ಚರಿಕೆ ಬೇಕು. ಓಲೆಗರಿಯಲ್ಲಿ ಪ್ರತಿ ಮಾಡುವವನು ತನ್ನ ಕೆಲಸವನ್ನೂ ದೇವರ ಹೆಸರಿನಿಂದಲೇ ತೊಡಗುತ್ತಿದ್ದ. ಗಣಾಧಿಪತಿಗೆ ನಮಸ್ಕಾರ, ನಿರ್ವಿಘ್ನವಾಗಲಿ ಎಂಬ ಸಾಲುಗಳು ಎಷ್ಟೋ ಪ್ರತಿಗಳ ತಲೆಯಲ್ಲಿರುತ್ತವೆ. ಇವು ಛಂದಸ್ಸಿನ ಹೊರಗಿರುವುದರಿಂದ ಸುಲಭವಾಗಿ ಬೇರೆ ಮಾಡಬಹುದು. ತೊಡಕಾಗುವುದು ಲಿಪಿಕಾರನೋ ಅವನಿಗೆ ಬರೆಸಿದವನೋ ತನ್ನ ಇಷ್ಟದೈವಕ್ಕೆ ಅದೇ ಛಂದಸ್ಸಿನಲ್ಲಿ ಒಂದು ಪದ್ಯ ಕಟ್ಟಿ ಸೇರಿಸಿದಾಗ. ಅಂಥ ಪದ್ಯ ಕೆಲವೇ ಪ್ರತಿಗಳಲ್ಲಿರುತ್ತದೆ, ಅಥವಾ ಬೇರೆಬೇರೆ ಪ್ರತಿಗಳಲ್ಲಿ ಬೇರೆಬೇರೆ ಜಾಗದಲ್ಲಿರುತ್ತದೆ. ಸಂಪಾದಕರು ಅದನ್ನು ಅಡಿಟಿಪ್ಪಣಿಗೆ ಇಳಿಸುವುದು ಇಂಥ ಗುರುತುಗಳಿಂದ. ಜೊತೆಗೆ ಕಟ್ಟಿನ ಮೊದಲ ಗರಿಗೇ ಕೈ, ಧೂಳು, ಹುಳು ಎಲ್ಲದರ ಪೆಟ್ಟು ಹೆಚ್ಚು. ಹಾಗಾಗಿ ಕವಿಯ ಮತವನ್ನು ಒಂದೇ ಒಂದು ನಾಂದಿಪದ್ಯದಿಂದ ತೀರ್ಮಾನಿಸುವವರು ಆ ಪದ್ಯ ಎಷ್ಟು ಪ್ರತಿಗಳಲ್ಲಿದೆ ಎಂದು ಮೊದಲು ನೋಡಬೇಕು.

ಪಂಪನಾಗಿ ಸುಮಾರು ಐನೂರು ವರ್ಷಗಳ ಮೇಲೆ ಗದುಗಿನಲ್ಲಿ ಕುಮಾರವ್ಯಾಸ ಅದೇ ಮಹಾಭಾರತವನ್ನು ಭಾಮಿನಿ ಷಟ್ಪದಿಯಲ್ಲಿ ಹಾಡಿದ. ಅವನ ಮೊದಲ ಪದ್ಯವೂ ಶ್ರೀಕಾರದಿಂದಲೇ ತೊಡಗುತ್ತದೆ, ಅವನು ಕರೆಯುವುದೂ ನಾರಾಯಣನನ್ನೇ. ಆದರೆ ಇವನು ನಿಜವಾಗಿ ನಾರಾಯಣ: ಲಕ್ಷ್ಮಿಯ ಗಂಡ, ಬ್ರಹ್ಮನ ತಂದೆ, ಗದುಗಿನ ಗುಡಿಯಲ್ಲಿ ನಿಂತ ವೀರನಾರಾಯಣ. ಪಂಪ ದೊರೆಯ ಗುಣಗಳನ್ನು ದೇವರಿಗೆ ಹೋಲಿಸಿ ಎಣಿಸಿದರೆ ಕುಮಾರವ್ಯಾಸ ದೇವರ ನಂಟುಗಳನ್ನು ಒಂದೊಂದಾಗಿ ಕೂಗಿ ಕಾಪಾಡೆಂದು ಮೊರೆಯಿಡುತ್ತಾನೆ. ಮುಂದೆ ಶಿವ, ಗಣಪತಿ, ಸರಸ್ವತಿ, ವ್ಯಾಸ ಎಲ್ಲರೂ ಬರುತ್ತಾರೆ. ಆಶ್ರಯ ಕೊಟ್ಟ ಅರಸನೊಬ್ಬನೂ ಬರುವುದಿಲ್ಲ. ತಾನು ಹೇಳಲಿರುವುದು ಕೃಷ್ಣನ ಕಥೆ ಎಂದು ಪೀಠಿಕೆಯಲ್ಲೇ ಸಾರುತ್ತಾನೆ. ಪಂಪನಲ್ಲಿ ಅರ್ಜುನನ ಕಥೆಯಾಗಿದ್ದದ್ದು ಇಲ್ಲಿ ಕೃಷ್ಣನದಾಯಿತು. ದ್ರೌಪದಿ ಮತ್ತೆ ಐವರ ಹೆಂಡತಿಯಾದಳು. ಯಾವ ದೊರೆಯ ಮಾನವೂ ಈಗ ಕಥೆಗೆ ಅಡ್ಡಬರುವಂತಿರಲಿಲ್ಲ.

ಅದೇ ಪೀಠಿಕೆಯಲ್ಲಿ ಕುಮಾರವ್ಯಾಸನ ದೊಡ್ಡ ಹೆಮ್ಮೆಯೂ ಇದೆ. ಹಲಗೆ ಬಳಪ ಹಿಡಿದು ಕರಡು ಮಾಡಿದವನಲ್ಲ, ಒಮ್ಮೆ ಇಟ್ಟ ಪದವನ್ನು ಅಳಿಸಿದವನಲ್ಲ, ಕಂಠದ ಸದ್ದು ಗರಿಯ ಮೇಲೆ ನಿಂತದ್ದೇ ಇಲ್ಲ ಎನ್ನುತ್ತಾನೆ. ವಿನಯವಿಲ್ಲದ ಮಾತು ಎನಿಸಬಹುದು. ಆದರೆ ಇದಕ್ಕೆ ಜೊತೆಯಾಗಿ ಇನ್ನೊಂದು ಮಾತನ್ನೂ ಅವನು ಹೇಳಿದ್ದಾನೆ: ಕವಿ ವೀರನಾರಾಯಣ, ಕುಮಾರವ್ಯಾಸ ಬರಿಯ ಲಿಪಿಕಾರ. ಎರಡನ್ನೂ ಸೇರಿಸಿ ಓದಿದರೆ ಅದು ಬೇರೆ ಬಗೆಯಲ್ಲಿ ಕೇಳಿಸುತ್ತದೆ. ದೇವರು ಹೇಳಿದ್ದನ್ನು ಬರೆದುಕೊಳ್ಳುವವನು ಏನನ್ನು ತಾನೇ ಅಳಿಸಿಯಾನು? ಹೆಮ್ಮೆಪಟ್ಟದ್ದು ತನ್ನ ಕೈಯ ಬಗ್ಗೆ ಅಲ್ಲ, ಹೇಳಿಸಿದವನ ಬಗ್ಗೆ.

ಅರಸರನ್ನು ಅವನು ಪೂರಾ ಮರೆತಿಲ್ಲ. ತನ್ನ ಕಾವ್ಯದಲ್ಲಿ ಯಾರಿಗೆ ಏನು ಸಿಗುತ್ತದೆಂದು ಒಂದು ಪದ್ಯದಲ್ಲಿ ಪಟ್ಟಿಮಾಡುತ್ತಾನೆ: ಅರಸರಿಗೆ ವೀರ, ದ್ವಿಜರಿಗೆ ವೇದದ ಸಾರ, ಯೋಗಿಗಳಿಗೆ ತತ್ತ್ವ, ಮಂತ್ರಿಗಳಿಗೆ ಬುದ್ಧಿ, ವಿರಹಿಗಳಿಗೆ ಶೃಂಗಾರ, ವಿದ್ವಾಂಸರಿಗೆ ಅಲಂಕಾರ. ಅರಸರ ಹೆಸರು ಇಲ್ಲೂ ಮೊದಲೇ ಬಂದಿದೆ, ಕಾವ್ಯವನ್ನು ಕೇಳಲು ಬಂದು ಕೂತವರ ಸಾಲಿನಲ್ಲಿ.